ಬ್ರೋಕನ್ ವಿಂಗ್ ಬಟರ್‌ಫ್ಲೈ: ಏರಿಕೆಯ ಕಡೆಯ ನಷ್ಟವನ್ನು ನಾನು ತೆಗೆದುಹಾಕಿದ ಬಗೆ

ಸೂಚ್ಯಂಕ 1000ದಲ್ಲಿತ್ತು. ಅದು ನಿಧಾನವಾಗಿ ಸ್ವಲ್ಪ ಇಳಿಯಬಹುದೆಂದು ನನಗನಿಸಿತ್ತು; ಆದರೆ ನನ್ನ ಎಣಿಕೆ ತಪ್ಪಿ ಅದು ಮೇಲೇರಿದರೆ ಕೈಯಿಂದ ಏನನ್ನೂ ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ. 980ರ ಒಂದು ಪುಟ್ಟನ್ನು 17 ಪಾಯಿಂಟ್‌ಗೆ ಕೊಂಡು, 960ರ ಎರಡನ್ನು ತಲಾ 11.5ಕ್ಕೆ ಮಾರಿ, 940ರ ಒಂದನ್ನು 7ಕ್ಕೆ ಕೊಂಡಿದ್ದರೆ ಅದು ಸಾಮಾನ್ಯ ಬಟರ್‌ಫ್ಲೈ ಆಗಿ, 1 ಪಾಯಿಂಟ್ ಖರ್ಚಾಗುತ್ತಿತ್ತು, ಏರಿಕೆಯಾದರೆ ಆ ಒಂದು ಪಾಯಿಂಟ್ ಹೋಗುತ್ತಿತ್ತು. ನಾನು 940ರ ಬದಲು 920ರ ಪುಟ್ಟನ್ನು 4ಕ್ಕೆ ಕೊಂಡೆ. ಹಾಗಾಗಿ ಕೊಟ್ಟದ್ದು 21, ಬಂದದ್ದು 23, ಕೈಗುಳಿದ ಕ್ರೆಡಿಟ್ 2.

ಸೂಚ್ಯಂಕ 980ರ ಮೇಲೆ ಎಲ್ಲಿ ಮುಗಿದರೂ ಎಲ್ಲ ಪುಟ್‌ಗಳೂ ಬೆಲೆಯಿಲ್ಲದೆ ಕೊನೆಗೊಂಡು ಆ 2 ಪಾಯಿಂಟ್ ನನ್ನದಾಗುತ್ತದೆ. ಸರಿಯಾಗಿ 960ರಲ್ಲಿ ಮುಗಿದರೆ ಲಾಭ 22. ನಷ್ಟ ಶುರುವಾಗುವುದು 938ರ ಕೆಳಗೆ. 920 ಮತ್ತು ಅದಕ್ಕಿಂತ ಕೆಳಗೆ ಅದು 18ಕ್ಕೆ ನಿಲ್ಲುತ್ತದೆ. ಹೀಗಾಗಿ ಒಂದು ಕಡೆಯ ಅಪಾಯ ಮಾಯವಾಗಲಿಲ್ಲ, ಇನ್ನೊಂದು ಕಡೆಗೆ ಸರಿದು ದೊಡ್ಡದಾಯಿತು. ಈ ರಚನೆ ನಿಜವಾಗಿ ಎರಡು ವಹಿವಾಟುಗಳ ಜೋಡಿ ಎಂಬುದು ತಿಳಿದ ಮೇಲೆಯೇ ನನಗೆ ಇದು ಸ್ಪಷ್ಟವಾದದ್ದು: 1 ಪಾಯಿಂಟ್ ಬೆಲೆಯ ಸಾಮಾನ್ಯ ಬಟರ್‌ಫ್ಲೈ, ಜೊತೆಗೆ 3 ಪಾಯಿಂಟ್‌ಗೆ ಮಾರಿದ 940–920 ಪುಟ್ ಸ್ಪ್ರೆಡ್. ಎರಡನೆಯದರ ಹಣವೇ ಮೊದಲನೆಯದರ ಖರ್ಚನ್ನು ತೀರಿಸುತ್ತದೆ.

ನಾಲ್ಕನ್ನೂ ಒಂದೇ ಆರ್ಡರಿನಲ್ಲಿ, 2ಕ್ಕಿಂತ ಕಡಿಮೆ ಕ್ರೆಡಿಟ್‌ಗೆ ಒಪ್ಪದ ಲಿಮಿಟ್ ಇಟ್ಟು ಹಾಕಿದೆ. ಕ್ರೆಡಿಟ್ ಚಿಕ್ಕದಿರುವಾಗ ನಾಲ್ಕು ಆಪ್ಷನ್‌ಗಳ ಬ್ರೋಕರೇಜ್ ಮತ್ತು ತೆರಿಗೆಯೇ ಅದನ್ನು ನುಂಗಬಹುದು; ಈ ಲೆಕ್ಕವನ್ನು ಮೊದಲೇ ಮಾಡಬೇಕು.

ಎಕ್ಸ್‌ಪೈರಿಗೆ ಇನ್ನೂ 20 ದಿನಗಳಿರುವಾಗಲೇ ಸೂಚ್ಯಂಕ ರಭಸದಿಂದ 945ಕ್ಕೆ ಕುಸಿಯಿತು. ಅಲ್ಲೇ ಮುಗಿದಿದ್ದರೆ 7 ಪಾಯಿಂಟ್ ಲಾಭ, ಆದರೆ ಪರದೆಯ ಮೇಲೆ ಸುಮಾರು 4 ಪಾಯಿಂಟ್ ನಷ್ಟ ಕಾಣುತ್ತಿತ್ತು. ಮಾರಿದ 960ರ ಪುಟ್‌ಗಳಲ್ಲಿ ಸಮಯದ ಮೌಲ್ಯ ಇನ್ನೂ ಕರಗಿರದ ಕಾರಣ ಬಟರ್‌ಫ್ಲೈ ಹೆಚ್ಚು ಬೆಲೆ ಪಡೆದಿರಲಿಲ್ಲ. ಅದೇ ಹೊತ್ತಿಗೆ ಒಳಗಿನ ಸ್ಪ್ರೆಡ್ 3ರಿಂದ 9ಕ್ಕೆ ದುಬಾರಿಯಾಗಿತ್ತು. ಈ ರಚನೆಗೆ ನಿಜವಾದ ಶತ್ರು ಬೇಗ ಬರುವ ಕುಸಿತ. ತಡವಾಗಿ ಬರುವ ಮಿತವಾದ ಇಳಿಕೆ ಅದಕ್ಕೆ ಅನುಕೂಲ.

940ರ ಪುಟ್ ಕೊಂಡು 920ರದ್ದನ್ನು ಮಾರಿ, 9 ಪಾಯಿಂಟ್ ತೆತ್ತು ಸ್ಪ್ರೆಡ್ಡನ್ನು ಮುಚ್ಚಿದೆ. ಉಳಿದದ್ದು ಒಟ್ಟು 7 ಪಾಯಿಂಟ್ ಖರ್ಚಿನ ಸಾಮಾನ್ಯ ಬಟರ್‌ಫ್ಲೈ: ಗರಿಷ್ಠ ನಷ್ಟ 18ರಿಂದ 7ಕ್ಕೆ ಇಳಿಯಿತು, ಗರಿಷ್ಠ ಲಾಭ 13 ಆಯಿತು. ಅದರ ಬೆಲೆಯಾಗಿ ಏರಿಕೆಯ ಕಡೆಯ ರಕ್ಷಣೆಯನ್ನು ಬಿಟ್ಟುಕೊಟ್ಟೆ; ಸೂಚ್ಯಂಕ ಮತ್ತೆ 980 ದಾಟಿದ್ದರೆ 7 ಪೂರ್ತಿ ಹೋಗುತ್ತಿತ್ತು. ಕೊನೆಗೆ ಅದು 952ರಲ್ಲಿ ಮುಗಿದು ನನಗೆ 5 ಪಾಯಿಂಟ್ ಬಂತು. ಏನೂ ಮಾಡದೆ ಕುಳಿತಿದ್ದರೆ 14 ಬರುತ್ತಿತ್ತು, ಆದರೆ 945ರಲ್ಲಿ ನಿಂತು ನೋಡುವಾಗ 938 ಕೇವಲ 7 ಪಾಯಿಂಟ್ ದೂರದಲ್ಲಿತ್ತು.