ಸಾಂತ್‌ಮಾರಿ ಹಬ್ಬಕ್ಕೆ ಸಿದ್ಧತೆ: ಮೆರವಣಿಗೆಯಿಂದ ಮನೆಯ ಊಟದವರೆಗೆ

ಕರಾವಳಿಯ ಇಗರ್ಜಿಗಳ ವಾರ್ಷಿಕ ಹಬ್ಬ, ಅಂದರೆ ನಮ್ಮ ಸಾಂತ್‌ಮಾರಿ, ಹೆಚ್ಚಾಗಿ ನವೆಂಬರಿನಿಂದ ಫೆಬ್ರವರಿಯೊಳಗೆ ಬರುತ್ತದೆ. ಪಾಲಕ ಸಂತರ ದಿನ ಮಳೆಗಾಲದಲ್ಲಿದ್ದರೂ ಎಷ್ಟೋ ಕಡೆ ಉತ್ಸವವನ್ನು ಬೇಸಗೆಯ ಕಡೆಗೆ ಇಟ್ಟುಕೊಂಡಿದ್ದಾರೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ದಿನ ಆಗಸ್ಟ್ 10. ಜನ ಹರಿದು ಬರುವ ಮಹೋತ್ಸವ ನಡೆಯುವುದು ಜನವರಿಯಲ್ಲಿ. ಈ ಸಲ ನಿಮ್ಮ ವಾಳೆಯ ಗುರಿಕಾರಿಕೆ ನಿಮ್ಮ ಪಾಲಿಗೆ ಬಂದಿದೆ, ಮನೆಗೂ ನೆಂಟರು ಬರುವವರಿದ್ದಾರೆ ಎಂದಾದರೆ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಬೇಕು. ಇಗರ್ಜಿಯಲ್ಲಿ ನಿಂತ ಹೊತ್ತಿಗೆ ಅಡುಗೆಮನೆ ನಿಮಗಾಗಿ ಕಾಯುತ್ತಿರುತ್ತದೆ.

ಮೊದಲ ಕೆಲಸ, ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುವುದು. ಸಂತ ಸೆಬಾಸ್ಟಿಯನ್ ಪಾಲಕರಾಗಿರುವ ಒಂದು ಇಗರ್ಜಿ ಎಂದಿಟ್ಟುಕೊಳ್ಳಿ. ಅವರ ದಿನ ಜನವರಿ 20. 2027ರಲ್ಲಿ ಅದು ಬುಧವಾರ. ನೊವೆನಾದ ಒಂಬತ್ತು ದಿನಗಳು ಹಬ್ಬದ ಮುನ್ನಾದಿನಕ್ಕೆ ಮುಗಿಯಬೇಕು, ಹಬ್ಬದ ದಿನ ಆ ಎಣಿಕೆಗೆ ಸೇರುವುದಿಲ್ಲ. ಹಾಗಾಗಿ ಶುರುವಾಗುವುದು 11ರ ಸೋಮವಾರ. ಹಬ್ಬವನ್ನೂ ಸೇರಿಸಿ ಎಣಿಸಿ 12ಕ್ಕೆ ಶುರು ಮಾಡಿದರೆ ಒಂದು ದಿನ ಕಡಿಮೆ ಬೀಳುತ್ತದೆ. ಅದು ಆಮಂತ್ರಣ ಅಚ್ಚಾದ ಮೇಲಷ್ಟೇ ಯಾರದೋ ಕಣ್ಣಿಗೆ ಬೀಳುತ್ತದೆ.

ಹಬ್ಬದ ಹಿಂದಿನ ಭಾನುವಾರ, 17ನೇ ತಾರೀಕು, ಭ್ರಾತೃತ್ವದ ಭಾನುವಾರ. ಅಂದು ಪರಮ ಪ್ರಸಾದದ ಮೆರವಣಿಗೆ; ನೊವೆನಾದ ಏಳನೇ ದಿನವೂ ಅದೇ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟು ಜನರನ್ನು ಎರಡು ಸಲ ಕರೆಯುವ ಬದಲು, ಸಂಜೆಯ ಬಲಿಪೂಜೆಯಲ್ಲೇ ನೊವೆನಾ ಪ್ರಾರ್ಥನೆ ಸೇರಿಸಿಕೊಳ್ಳಬಹುದೇ ಎಂದು ಫಾದರ್ ಹತ್ತಿರ ಮೊದಲೇ ಕೇಳಿ. 19ರ ಮಂಗಳವಾರ ಸಂಜೆ ವೆಸ್ಪರ. ಅಂದೇ ನೊವೆನಾದ ಕೊನೆಯ ದಿನ.

ನೊವೆನಾದ ದಿನಗಳನ್ನು ವಾಳೆವಾರು ಹಂಚುವುದು ಹೆಚ್ಚಿನ ಕಡೆ ರೂಢಿ. ವಾಚನ, ಕಾಣಿಕೆ ಒಪ್ಪಿಸುವವರು, ಹಾಡು, ಹೂವು ಎಲ್ಲ ಆ ದಿನದ ವಾಳೆಯದೇ. ಗುರಿಕಾರರು ಗಮನಿಸಬೇಕಾದದ್ದು ಒಂದೇ: ವಾಚನಕ್ಕೆ ಪ್ರತಿ ವರ್ಷದ ಅದೇ ಮೂರು ಜನ ಬೇಡ. ಹೊಸದಾಗಿ ಮದುವೆಯಾಗಿ ಬಂದವರು, ಕಾಲೇಜಿಗೆ ಹೋಗುವ ಮಕ್ಕಳು ಬರಲಿ. ವಾಚನದ ಪ್ರತಿಯನ್ನು ಹಿಂದಿನ ಸಂಜೆಯೇ ಅವರ ಕೈಗೆ ಕೊಟ್ಟು ಒಮ್ಮೆ ಮೈಕಿನ ಮುಂದೆ ಓದಿಸಿ.

ಎಲ್ಲಕ್ಕಿಂತ ಕಷ್ಟದ್ದು ಮೆರವಣಿಗೆ. ಶಿಲುಬೆ ಮುಂದೆ, ಅದರ ಎರಡು ಬದಿ ಮೊಂಬತ್ತಿ, ಹಿಂದೆ ಧರ್ಮೋಪದೇಶದ ಮಕ್ಕಳು, ಸಂಘಟನೆಗಳವರು, ಎರಡು ಸಾಲಿನಲ್ಲಿ ಜನ. ಆಮೇಲೆ ಹೂ ಚೆಲ್ಲುವ ಪುಟ್ಟ ಹುಡುಗಿಯರು, ಧೂಪ ಹಿಡಿದ ಆಲ್ತಾರಿನ ಹುಡುಗರು, ಮೇಲ್ಕಟ್ಟಿನ ಕೆಳಗೆ ಪರಮ ಪ್ರಸಾದ. ಈ ಕ್ರಮ ಎಲ್ಲರಿಗೂ ಗೊತ್ತು. ಕೆಡುವುದು ನಡಿಗೆಯ ವೇಗದಲ್ಲಿ. ಮುಂದಿನ ಮಕ್ಕಳಿಗೆ ಎದುರಲ್ಲಿ ತಡೆಯೇ ಇಲ್ಲ, ಅವರು ಸರಸರ ಹೋಗುತ್ತಾರೆ. ಹಿಂದೆ ಮೇಲ್ಕಟ್ಟು ಹೊತ್ತವರು ಹೆಜ್ಜೆ ಅಳೆದು ನಡೆಯುತ್ತಾರೆ. ಹತ್ತು ನಿಮಿಷದಲ್ಲಿ ನಡುವೆ ಬಸ್ಸು ನುಗ್ಗುವಷ್ಟು ಜಾಗ ಬಿಡುತ್ತದೆ. ಅದನ್ನು ತುಂಬಿಸಲು ಹಿಂದಿನವರು ಓಡಿದರೆ ಮೊಂಬತ್ತಿ ಆರುತ್ತದೆ, ಪ್ರಾರ್ಥನೆ ನಿಲ್ಲುತ್ತದೆ.

ಇದಕ್ಕೆ ಜಪಸರವೇ ಅಳತೆ. ಒಂದು ರಹಸ್ಯ, ಹತ್ತು ನಮೋ ಮರಿಯಾ, ಒಂದು ಹಾಡಿನ ಚರಣ ಸೇರಿ ಸುಮಾರು ಆರು ನಿಮಿಷ. ಐದಕ್ಕೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಮೆರವಣಿಗೆ ನೆಮ್ಮದಿಯಾಗಿ ಒಂದು ಕಿಲೋಮೀಟರ್ ಹೋಗುತ್ತದೆ. ದಾರಿಯನ್ನು ಐದು ಪಾಲು ಮಾಡಿ, ಪ್ರತಿ 200 ಮೀಟರಿಗೆ ಗುರುತಿಗೊಂದು ಗೇಟು, ಅಂಗಡಿ, ಕಂಬ ನೋಡಿಟ್ಟುಕೊಳ್ಳಿ. ಶಿಲುಬೆ ಹಿಡಿದವರ ಪಕ್ಕ ಒಬ್ಬ ದೊಡ್ಡವರು ನಡೆಯಲಿ. ಗುರುತಿನ ಜಾಗಕ್ಕೆ ಬಂದಾಗ ರಹಸ್ಯ ಮುಗಿದಿಲ್ಲವೆಂದರೆ ಮುಂದಿನವರು ಅಲ್ಲೇ ನಿಲ್ಲಬೇಕು. ಹಿಂದಿನಿಂದ ಯಾರೂ ಕೂಗಬೇಕಾಗಿಲ್ಲ.

ಮೈಕಿನ ಗಾಡಿಯನ್ನು ಸಾಲಿನ ನಡುವೆ ಇಡಿ. 100 ಮೀಟರ್ ದಾಟಲು ಸದ್ದಿಗೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ಹಾಗಾಗಿ ಗಾಡಿ ತುದಿಯಲ್ಲಿದ್ದರೆ ಉದ್ದ ಸಾಲಿನ ಇನ್ನೊಂದು ತುದಿಯವರು ಒಂದು ಪದ ಹಿಂದೆ ಬಿದ್ದು, ಪ್ರಾರ್ಥನೆ ಗಜಿಬಿಜಿಯಾಗುತ್ತದೆ. ಧೂಪಕ್ಕೆ ಗೆರಟೆಯ ಕೆಂಡವನ್ನು ಹೊರಡುವ ಹತ್ತು ನಿಮಿಷ ಮೊದಲೇ ಹೊತ್ತಿಸಿ, ಹೊಗೆ ನಿಂತು ಬೂದಿ ಕಟ್ಟಿದ ಮೇಲೆ ತುಂಬಿಸಿ. ಹೂ ಚೆಲ್ಲುವ ಮಕ್ಕಳ ಬಲೆಬಟ್ಟೆಯ ಫ್ರಾಕಿಗೆ ಬೆಂಕಿ ಬೇಗ ಹತ್ತುತ್ತದೆ. ಮೊಂಬತ್ತಿ ಹಿಡಿದವರ ಹತ್ತಿರ ಅವರನ್ನು ನಿಲ್ಲಿಸಲೇಬೇಡಿ.

ಪೊಲೀಸ್ ಠಾಣೆಗೆ ಮೆರವಣಿಗೆಯ ದಾರಿ, ಹೊತ್ತು, ಧ್ವನಿವರ್ಧಕ ಮೂರನ್ನೂ ಬರೆದು ಮೊದಲೇ ಅರ್ಜಿ ಕೊಡಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವರಿಯಲ್ಲಿ ಆರೂಕಾಲು ದಾಟುತ್ತಲೇ ಹೊತ್ತು ಮುಳುಗುತ್ತದೆ. ನಾಲ್ಕೂವರೆಗೆ ಬಲಿಪೂಜೆ ಇಟ್ಟು ಐದೂಮುಕ್ಕಾಲಿಗೆ ಹೊರಟರೆ ಬೆಳಕಿರುವಾಗಲೇ ಮರಳಬಹುದು. ವಾರ ಮೊದಲು ಮೇಲ್ಕಟ್ಟಿನ ಎತ್ತರದ ಕೋಲು ಹಿಡಿದು ದಾರಿಯುದ್ದಕ್ಕೂ ನಡೆದು ನೋಡಿ. ಜೋತುಬಿದ್ದ ವಿದ್ಯುತ್ ತಂತಿಯ ಹತ್ತಿರ ಕೋಲು ಒಯ್ಯಬೇಡಿ, ಕಂಡ ಕೂಡಲೇ ಮೆಸ್ಕಾಂಗೆ ತಿಳಿಸಿ.

ಈಗ ಮನೆ. ನೆಂಟರನ್ನು ಒಂದೇ ಪಟ್ಟಿಯಲ್ಲಿ ಬರೆಯಬೇಡಿ. ವೆಸ್ಪರಕ್ಕೇ ಬಂದು ಉಳಿಯುವವರು ಬೇರೆ, ಹಬ್ಬದ ಪೂಜೆ ಮುಗಿಸಿ ಊಟಕ್ಕೆ ಬರುವವರು ಬೇರೆ. ಉಳಿಯುವವರು ಎಂಟು, ಊಟಕ್ಕೆ ಎಲ್ಲ ಸೇರಿ 25 ಎಂದಾದರೆ ಹಂದಿ ಮಾಂಸ ಆರು ಕಿಲೋ ಬೇಕು. ಬಫಾತನ್ನು ಮಂಗಳವಾರ ಬೆಳಿಗ್ಗೆಯೇ ಮಾಡಿ ಮುಗಿಸಿ. ಸಂಜೆ ನೀವು ಇಗರ್ಜಿಯಲ್ಲಿರುತ್ತೀರಿ. ವಿನೆಗರ್, ಮೆಣಸು ಎಳೆದುಕೊಂಡ ಮಾಂಸಕ್ಕೆ ಮರುದಿನ ರುಚಿಯೂ ಹೆಚ್ಚು. ಆರಿದ ಕೂಡಲೇ ಫ್ರಿಜ್ಜಿಗೆ ಇಟ್ಟು, ಬುಧವಾರ ಚೆನ್ನಾಗಿ ಕುದಿಸಿ ಬಡಿಸಿ. ತೆಂಗಿನ ಹಾಲಿನ ಕೋಳಿ ಪದಾರ್ಥ ಹಾಗಲ್ಲ, ಬೇಗ ಹಳಸುತ್ತದೆ. ಅದು ಬುಧವಾರದ ಕೆಲಸ.

ಸನ್ನಕ್ಕೆ ಒಂದು ಕಿಲೋ ಅಕ್ಕಿಗೆ ಕಾಲು ಕಿಲೋ ಉದ್ದು ಹಾಕಿದರೆ ಸುಮಾರು 40 ಆಗುತ್ತದೆ. 25 ಜನರಿಗೆ ತಲಾ ಮೂರರಂತೆ ಎರಡು ಕಿಲೋ ಅಕ್ಕಿ ಸಾಕು. ಕಳ್ಳು ಹಾಕಿ ವೆಸ್ಪರದಿಂದ ಬಂದ ಮೇಲೆ ಕಲಸಿದರೆ ಬೆಳಗ್ಗೆ ಐದಕ್ಕೆ ಬೇಯಿಸಬಹುದು. ಪಾತ್ರೆಯಲ್ಲಿ ಅರ್ಧ ಖಾಲಿ ಬಿಡಿ, ಇಲ್ಲವಾದರೆ ಬೆಳಗ್ಗೆ ಹಿಟ್ಟು ನೆಲದಲ್ಲಿರುತ್ತದೆ. ಹಿಟ್ಟು ಉಬ್ಬಿ, ಸೌಟು ಹಾಕಿದಾಗ ನೊರೆಯಂತೆ ಹಗುರಾಗಿ ಸಿಕ್ಕರೆ ಸರಿಯಾಗಿದೆ. ಉಬ್ಬಿ ಮತ್ತೆ ಕುಸಿದಿದ್ದರೆ ಹುಳಿ ಹೆಚ್ಚಾಗಿದೆ ಎಂದರ್ಥ, ತಡಮಾಡದೆ ಬೇಯಿಸಿ.

ನೆರೆಕರೆಯವರೂ ಊಟಕ್ಕೆ ಬರುತ್ತಾರೆ. ಹಂದಿ ತಿನ್ನದವರಿಗೆ, ಮಾಂಸವನ್ನೇ ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಮೇಜು ಇರಲಿ. ಅವರು ಬರುವ ಮೊದಲೇ ಹಾಗೆ ಜೋಡಿಸಿಟ್ಟರೆ ಯಾರೂ ಸಂಕೋಚದಿಂದ ಕೇಳಬೇಕಾಗುವುದಿಲ್ಲ. ಕಡ್ಲೆ ಸುಕ್ಕ, ಸಾರು, ಪಲ್ಯ ಎಲ್ಲರಿಗೂ ಆಗುತ್ತದೆ.

ಮೆರವಣಿಗೆಯಲ್ಲಿ ನಡೆಯಲಾರದ ಅಜ್ಜಿ, ದೊಡ್ಡಮ್ಮಂದಿರು ಭಾನುವಾರವೇ ಬಂದಿದ್ದರೆ ದಾರಿಬದಿಯ ಪರಿಚಯದ ಮನೆಯ ಜಗಲಿಯಲ್ಲಿ ಅವರಿಗೆ ಕುರ್ಚಿ ಹಾಕಿಸಿ, ಕೈಗೊಂದು ಮೊಂಬತ್ತಿ ಕೊಡಿ. ಬುಧವಾರ ಸಂಜೆಯ ಬಸ್ಸಿಗೆ ಬೆಂಗಳೂರು, ಮುಂಬೈಗೆ ಹೊರಡುವವರಿಗೆ ಬುತ್ತಿ ಕಟ್ಟುವುದಾದರೆ ಸನ್ನವನ್ನು ಪೂರ್ತಿ ಆರಿಸಿ ಬಟ್ಟೆಯಲ್ಲಿ ಸುತ್ತಿ. ಕೋಳಿ ಪದಾರ್ಥ ಬೇಡ. ರಾತ್ರಿಯೂಟಕ್ಕೇ ಮುಗಿಯುವಷ್ಟು ಬಫಾತ್, ಅದೂ ರಸವಿಲ್ಲದೆ ಗಟ್ಟಿಯಾಗಿ ಇಂಗಿಸಿದ್ದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಸಾಕು.