ಮಂಜುಗಡ್ಡೆ ಏಕೆ ಜಾರುತ್ತದೆ: ಒಂದು ಲೇಖನದ ಖಚಿತ ಸ್ವರವನ್ನು ತಿದ್ದಿದ ಬಗೆ

ವಿಜ್ಞಾನದ ವಿವರಣಾತ್ಮಕ ಲೇಖನಗಳನ್ನು ತಿದ್ದುವುದು ನನ್ನ ಕೆಲಸ. ನನ್ನ ಕೈಗೆ ಬರುವ ಹಸ್ತಪ್ರತಿಗಳಲ್ಲಿ ತಪ್ಪು ಮಾಹಿತಿಗಿಂತ ಹೆಚ್ಚಾಗಿ ಕಾಣುವ ತೊಂದರೆ ಬೇರೊಂದಿದೆ. ನೂರಾರು ವರ್ಷಗಳಿಂದ ದೃಢಪಟ್ಟಿರುವ ಸಂಗತಿಯೂ, ಇಂದಿಗೂ ಚರ್ಚೆಯಲ್ಲಿರುವ ಊಹೆಯೂ, ಲೇಖಕರು ಎಲ್ಲೋ ಓದಿ ನೆನಪಿಟ್ಟುಕೊಂಡ ಮಾತೂ ವಿಶ್ವಕೋಶದ ಒಂದೇ ಸ್ವರದಲ್ಲಿ ಹೊರಬರುತ್ತವೆ. ಓದುಗರು ಯಾವುದರ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದು ಅಂಥ ಬರಹದಿಂದ ತಿಳಿಯುವುದಿಲ್ಲ. ಇದನ್ನು ನಾನು ಹೇಗೆ ತಿದ್ದುತ್ತೇನೆ ಎಂಬುದನ್ನು ಒಂದೇ ಒಂದು ಪ್ಯಾರಾದ ಮೂಲಕ ವಿವರಿಸುತ್ತೇನೆ. ಅದನ್ನು ಬರೆದವರು ಬಹಳ ಕಾಲ ಭೌತಶಾಸ್ತ್ರ ಕಲಿಸಿದ ಅಧ್ಯಾಪಕರು. ವಿಷಯ, ಮಂಜುಗಡ್ಡೆ ಏಕೆ ಜಾರುತ್ತದೆ ಎಂಬುದು.

ಹಸ್ತಪ್ರತಿಯಲ್ಲಿದ್ದ ಪ್ಯಾರಾ ಹೀಗಿತ್ತು: "ಒತ್ತಡ ಹೆಚ್ಚಿದಾಗ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ. ಆದ್ದರಿಂದ ಸ್ಕೇಟಿನ ಅಲಗಿನ ಅಡಿಯಲ್ಲಿ ಮಂಜುಗಡ್ಡೆ ಕರಗಿ ನೀರಿನ ತೆಳುಪದರ ಉಂಟಾಗುತ್ತದೆ. ಚಲಿಸುವಾಗ ಘರ್ಷಣೆಯಿಂದ ಹುಟ್ಟುವ ಶಾಖವೂ ಮೇಲ್ಮೈಯನ್ನು ಕರಗಿಸುತ್ತದೆ. ಇದಲ್ಲದೆ ಮಂಜುಗಡ್ಡೆಯ ಮೇಲ್ಮೈಯಲ್ಲಿ ಸಹಜವಾಗಿಯೇ ದ್ರವದ ಪದರವಿರುತ್ತದೆ. ಈ ಕಾರಣಗಳಿಂದ ಮಂಜುಗಡ್ಡೆ ಜಾರುತ್ತದೆ."

ಐದು ವಾಕ್ಯಗಳು, ಐದೂ ಒಂದೇ ಬಗೆಯ ಕ್ರಿಯಾಪದದಲ್ಲಿ ಮುಗಿಯುತ್ತವೆ. ನಾನು ಮೊದಲು ಮಾಡುವ ಕೆಲಸವೆಂದರೆ ಪ್ಯಾರಾವನ್ನು ಒಡೆದು ಪ್ರತಿ ವಾಕ್ಯವನ್ನೂ ಬೇರೆ ಬೇರೆ ಸಾಲಿಗೆ ಇಳಿಸಿ, ಪಕ್ಕದಲ್ಲಿ "ಇದು ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ಉತ್ತರ ಬರೆಯುವುದು. ಪ್ರಯೋಗದಲ್ಲಿ ಅಳೆದಿದ್ದಾರೆಯೇ, ನಾವೇ ಲೆಕ್ಕ ಹಾಕಿ ನೋಡಬಹುದೇ, ಅಥವಾ ಇನ್ನೊಂದು ಲೇಖನ ಹೇಳಿದ್ದನ್ನು ಈ ಲೇಖನ ಹೇಳುತ್ತಿದೆಯೇ ಎಂಬುದಷ್ಟೇ ಅಲ್ಲಿ ಬೇಕು. ಈ ಟಿಪ್ಪಣಿ ಓದುಗರಿಗಲ್ಲ. ಆದರೆ ಇದಿಲ್ಲದೆ ಸ್ವರವನ್ನು ತಿದ್ದಲು ಹೊರಟರೆ ಎಲ್ಲಿ ತಗ್ಗಿಸಬೇಕು ಎಂಬುದು ಬರಿಯ ಅಂದಾಜಾಗಿಬಿಡುತ್ತದೆ.

ಮೊದಲ ವಾಕ್ಯ ಗಟ್ಟಿಯಾಗಿದೆ. ಒತ್ತಡದಿಂದ ಕರಗುವ ಬಿಂದು ಇಳಿಯಬೇಕೆಂದು ಜೇಮ್ಸ್ ಥಾಮ್ಸನ್ 1849ರಲ್ಲಿ ಸಿದ್ಧಾಂತದಿಂದ ತೋರಿಸಿದರು. ಅವರ ತಮ್ಮ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್, ಮರುವರ್ಷವೇ ಅದನ್ನು ಪ್ರಯೋಗದಿಂದ ಖಚಿತಪಡಿಸಿದರು. ಇಂಥ ವಾಕ್ಯಕ್ಕೆ ನಾನು ಯಾವ ಅನುಮಾನದ ಪದವನ್ನೂ ಸೇರಿಸುವುದಿಲ್ಲ. ಗಟ್ಟಿ ವಾಕ್ಯ ಗಟ್ಟಿಯಾಗಿ ಉಳಿದರೆ ಮಾತ್ರ ಪಕ್ಕದ ವಾಕ್ಯದ ಸಂದೇಹಕ್ಕೆ ಅರ್ಥ ಬರುತ್ತದೆ.

ತೊಡಕಿರುವುದು ಎರಡನೆಯ ವಾಕ್ಯದಲ್ಲಿ, ಅದರಲ್ಲಿಯೂ "ಆದ್ದರಿಂದ" ಎಂಬ ಜೋಡಣೆಯಲ್ಲಿ. ಕರಗುವ ಬಿಂದು ಇಳಿಯುವುದು ನಿಜ, ಆದರೆ ಎಷ್ಟು ಇಳಿಯುತ್ತದೆ? ಒಂದು ಡಿಗ್ರಿ ಸೆಲ್ಸಿಯಸ್ ಇಳಿಯಬೇಕಾದರೆ ವಾತಾವರಣದ ಸಾಮಾನ್ಯ ಒತ್ತಡದ ಸುಮಾರು 135 ಪಟ್ಟು ಒತ್ತಡ ಬೇಕು. 70 ಕಿಲೋ ತೂಕದವರು ಒಂದೇ ಕಾಲಿನ ಮೇಲೆ ನಿಂತಿದ್ದಾರೆ, ಅಲಗಿನ 20 ಸೆಂಟಿಮೀಟರ್ ಉದ್ದ ಮತ್ತು 3 ಮಿಲಿಮೀಟರ್ ಅಗಲದಷ್ಟು ಭಾಗ ಮಂಜುಗಡ್ಡೆಗೆ ತಾಗಿದೆ ಎಂದುಕೊಳ್ಳೋಣ. ತಾಗುವ ಜಾಗ 6 ಚದರ ಸೆಂಟಿಮೀಟರ್, ಒತ್ತಡ ವಾತಾವರಣದ ಸುಮಾರು 12 ಪಟ್ಟು, ಕರಗುವ ಬಿಂದು ಇಳಿಯುವುದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಲಗಿನ ಹತ್ತರಲ್ಲೊಂದು ಭಾಗ ಮಾತ್ರ ತಾಗಿದೆ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಒಂದು ಡಿಗ್ರಿ ಪೂರ್ತಿ ಇಳಿಯುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಮಂಜುಗಡ್ಡೆಯ ಮೇಲೂ ಜನ ಸಲೀಸಾಗಿ ಜಾರುತ್ತಾರೆ. ಅಗಲವಾದ, ಚಪ್ಪಟೆ ಅಡಿಯ ಬೂಟು ಹಾಕಿದವರೂ ಜಾರಿ ಬೀಳುತ್ತಾರೆ.

ಸರಿಯಾದ ಒಂದು ವಾಕ್ಯದಿಂದ ಇನ್ನೊಂದಕ್ಕೆ ದಾಟುವಾಗ ಬರುವ "ಆದ್ದರಿಂದ", "ಹೀಗಾಗಿ", "ಇದರಿಂದಾಗಿ" ಎಂಬ ಪದಗಳು ಕ್ರಿಯಾಪದಕ್ಕಿಂತ ಹೆಚ್ಚು ಖಚಿತತೆಯನ್ನು ಸದ್ದಿಲ್ಲದೆ ಸಾಗಿಸುತ್ತವೆ ಎಂಬುದು ನಾನು ಕಂಡುಕೊಂಡ ಸಂಗತಿ. ಅದಕ್ಕಾಗಿಯೇ ಹಸ್ತಪ್ರತಿಯಲ್ಲಿ ಇಂಥ ಪದಗಳಿಗೆ ಮೊದಲು ಗುರುತು ಹಾಕಿಕೊಂಡು, ಆಮೇಲೆ ಉಳಿದದ್ದನ್ನು ಓದುತ್ತೇನೆ.

ನಮ್ಮ ಲೆಕ್ಕವೂ ಅಂತಿಮವಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕಿತ್ತು. ಮೇಲ್ಮೈ ನುಣುಪಾಗಿಲ್ಲದಿದ್ದರೆ ಅಲಗು ನಿಜವಾಗಿ ತಾಗುವುದು ಕೆಲವು ಉಬ್ಬುಗಳಿಗೆ ಮಾತ್ರ, ಅಲ್ಲಿ ಒತ್ತಡ ಬಹಳ ಹೆಚ್ಚಿರುತ್ತದೆ. ಆದರೆ ಒತ್ತಡ ಒಂದು ಮಿತಿಯನ್ನು ಮೀರಿದಾಗ ಮಂಜುಗಡ್ಡೆಯೇ ಕುಸಿದು ತಾಗುವ ಜಾಗ ಹಿಗ್ಗುವುದರಿಂದ, ಅದು ಬೇಕಾದಷ್ಟು ಏರುತ್ತಲೇ ಹೋಗಲಾರದು. ಆದ್ದರಿಂದ ಒತ್ತಡದ ವಿವರಣೆಯನ್ನು "ತಪ್ಪು" ಎಂದು ಹೊಡೆದುಹಾಕದೆ, "ಸೊನ್ನೆಗೆ ತೀರ ಹತ್ತಿರದಲ್ಲಿ ಸ್ವಲ್ಪ ನೆರವಾಗಬಹುದು, ಮುಖ್ಯ ಕಾರಣವಾಗಲಾರದು" ಎಂಬಲ್ಲಿಗೆ ನಿಲ್ಲಿಸಿದೆವು.

ಮೂರನೆಯ ವಾಕ್ಯ ಬಹುಮಟ್ಟಿಗೆ ನಿಲ್ಲುತ್ತದೆ. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಪ್ರಯೋಗಗಳ ಮೂಲಕ ಘರ್ಷಣೆಯ ಶಾಖದ ಪಾತ್ರವನ್ನು ತೋರಿಸಿದ್ದಾರೆ. ಅದಕ್ಕೆ ಬೇಕಾದದ್ದು ಸಂದೇಹವಲ್ಲ, ಎಲ್ಲೆ: ಚಲನೆಯೇ ಇನ್ನೂ ಶುರುವಾಗದಿರುವಾಗ, ನಿಂತವರ ಕಾಲು ಮೊದಲು ಜಾರುವುದನ್ನು ಅದು ವಿವರಿಸುವುದಿಲ್ಲ. ಒಂದು ಮಾತು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಹೇಳುವುದು ಬೇರೆ, ಅದು ನಿಜವೋ ಅಲ್ಲವೋ ಎಂಬ ಅನುಮಾನ ಬೇರೆ. ಇವೆರಡನ್ನೂ "ಬಹುಶಃ" ಎಂಬ ಒಂದೇ ಪದದಿಂದ ಸೂಚಿಸಿದರೆ ಓದುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಾಲ್ಕನೆಯ ವಾಕ್ಯದ ಒಳಗೇ ಎರಡು ಹೇಳಿಕೆಗಳು ಸೇರಿಕೊಂಡಿದ್ದವು. ಕರಗುವ ಬಿಂದುವಿಗಿಂತ ಕೆಳಗೂ ಮಂಜುಗಡ್ಡೆಯ ಮೇಲ್ಮೈ ಒಳಭಾಗದಂತಿರುವುದಿಲ್ಲ ಎಂಬ ಯೋಚನೆಯನ್ನು ಮೈಕೆಲ್ ಫ್ಯಾರಡೆ 1850ರಲ್ಲಿ ಮುಂದಿಟ್ಟರು. ಎರಡು ಮಂಜುಗಡ್ಡೆಗಳನ್ನು ಒಂದಕ್ಕೊಂದು ತಾಗಿಸಿದರೆ ಅವು ಅಂಟಿಕೊಳ್ಳುವುದು ಅವರಿಗೆ ಆಧಾರವಾಗಿತ್ತು. ಮೇಲ್ಮೈಯ ಅಣುಗಳು ಸಡಿಲವಾಗಿ, ಕ್ರಮ ತಪ್ಪಿ ಇರುತ್ತವೆ ಎಂಬುದನ್ನು ನಂತರದ ಅಳತೆಗಳು ಸಮರ್ಥಿಸಿವೆ. ಇದು ಗಟ್ಟಿ. ಆದರೆ ಆ ಪದರ ಎಷ್ಟು ದಪ್ಪ ಎಂಬುದಕ್ಕೆ ಬೇರೆ ಬೇರೆ ವಿಧಾನಗಳು ಬೇರೆ ಬೇರೆ ಉತ್ತರ ಕೊಟ್ಟಿವೆ, ಅದನ್ನು ಸಾಮಾನ್ಯ ನೀರಿನಂತಹ "ದ್ರವ" ಎನ್ನಬಹುದೇ ಎಂಬುದು ಇಂದಿಗೂ ಚರ್ಚೆಯ ವಿಷಯ. ವಾಕ್ಯವನ್ನು ಎರಡಾಗಿ ಸೀಳಿ, ಮೊದಲನೆಯದನ್ನು ಖಚಿತವಾಗಿಯೂ ಎರಡನೆಯದನ್ನು ತೆರೆದ ಪ್ರಶ್ನೆಯಾಗಿಯೂ ಇಡಬೇಕಾಯಿತು.

ಈ ಟಿಪ್ಪಣಿಗಳೊಡನೆ ಹಸ್ತಪ್ರತಿ ಹಿಂದಕ್ಕೆ ಹೋದಾಗ ಲೇಖಕರು ಬಹಳ ಸೌಜನ್ಯದಿಂದ ಎಲ್ಲ ವಾಕ್ಯಗಳನ್ನೂ ಮೃದುಗೊಳಿಸಿ ಕಳಿಸಿದರು. "ಇಳಿಯಬಹುದು", "ಕರಗಿಸುತ್ತದೆ ಎನ್ನಲಾಗಿದೆ", "ಪದರವಿರುತ್ತದೆಂದು ತಿಳಿಯಲಾಗಿದೆ" ಎಂದು ಪ್ಯಾರಾ ತುಂಬ ಅನುಮಾನ. ಇದು ನನಗೆ ಪದೇಪದೇ ಎದುರಾಗುವ ಸ್ಥಿತಿ, ಮತ್ತು ನನ್ನ ದೃಷ್ಟಿಯಲ್ಲಿ ಇದು ಹಳೆಯ ದೋಷದ ಇನ್ನೊಂದು ರೂಪ: ಮೊದಲು ಎಲ್ಲವೂ ಸಮಾನವಾಗಿ ಖಚಿತವಾಗಿತ್ತು, ಈಗ ಎಲ್ಲವೂ ಸಮಾನವಾಗಿ ಸಂದಿಗ್ಧ. "ಎನ್ನಲಾಗಿದೆ" ಎಂಬ ರೂಪವನ್ನಂತೂ ನಾನು ಸಾಧ್ಯವಾದಲ್ಲೆಲ್ಲ ತೆಗೆಯುತ್ತೇನೆ. ಹಾಗೆ ಅಂದವರು ಯಾರು, ಲೇಖಕರು ಅದನ್ನು ಒಪ್ಪುತ್ತಾರೆಯೇ ಎಂಬ ಎರಡನ್ನೂ ಅದು ಒಟ್ಟಿಗೆ ಮರೆಮಾಡುತ್ತದೆ.

ಇಂಥ ಸಂದರ್ಭದಲ್ಲಿ ಪ್ರತಿಯೊಂದು "ಬಹುದು" ಮೇಲೆ ಬೆರಳಿಟ್ಟು, ಗೊತ್ತಿಲ್ಲದಿರುವುದು ಲೇಖಕರಿಗೋ ಅಥವಾ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರಿಗೋ ಎಂದು ಕೇಳುತ್ತೇನೆ. ಲೇಖಕರಿಗೆ ಮಾತ್ರ ಗೊತ್ತಿಲ್ಲದಿದ್ದರೆ ಅದನ್ನು ಹುಡುಕಿ ತಿಳಿದುಕೊಳ್ಳಬೇಕೇ ಹೊರತು ಓದುಗರ ಮುಂದೆ ಅನುಮಾನವಾಗಿ ಇಡಬಾರದು. ಕರಗುವ ಬಿಂದು "ಇಳಿಯಬಹುದು" ಎಂಬುದು ಹಾಗೆ ತೊಲಗಿತು. ಪದರದ ದಪ್ಪದ ಅನಿಶ್ಚಿತತೆ ಕ್ಷೇತ್ರದ್ದೇ ಆದ್ದರಿಂದ ಉಳಿಯಿತು, ಅದರ ಕಾರಣದೊಡನೆ. ಕಾರಣ ಹೇಳದ ಸಂದೇಹ ಓದುಗರಿಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಲೇಖಕರ ಸ್ವಂತ ಅಭಿಪ್ರಾಯ. ಇಡೀ ಹಸ್ತಪ್ರತಿಯಲ್ಲಿ ಅದು ಎಲ್ಲಿಯೂ ಇರಲಿಲ್ಲ, ಮತ್ತು ಬರವಣಿಗೆಯ ಮೂಲಕ ಕೇಳಿದರೆ ಅದು ಹೊರಬರುವುದೂ ಅಪರೂಪ. ಆದ್ದರಿಂದ ಫೋನ್ ಮಾಡಿ, "ಸರ್, ಲೇಖನ ಒಂದು ಕಡೆ ಇರಲಿ. ನಿಮ್ಮ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಇದರಲ್ಲಿ ನೀವು ಯಾವುದನ್ನು ನಂಬುತ್ತೀರಿ ಎಂದು ಕೇಳಿದರೆ ಏನು ಹೇಳುತ್ತೀರಿ?" ಎಂದೆ.

ಅವರು ತಡಮಾಡಲಿಲ್ಲ. "ಒತ್ತಡದ ವಿವರಣೆಯನ್ನು ನಾನು ನಂಬುವುದಿಲ್ಲ ಮೇಡಂ, ಪಠ್ಯದಲ್ಲಿದೆ ಎಂದು ಬರೆದೆ. ಜಾರುವುದು ಶುರುವಾಗುವುದು ಆ ಮೇಲ್ಪದರದಿಂದ, ವೇಗ ಬಂದ ಮೇಲೆ ಘರ್ಷಣೆಯ ಶಾಖದ್ದೇ ಕೆಲಸ ಎಂದು ನನ್ನ ಎಣಿಕೆ. ಆದರೆ ಆ ಪದರ ನೀರಿನ ಹಾಗೆ ಹರಿಯುತ್ತದೆಯೇ ಎಂದು ಕೇಳಿದರೆ ಪಣ ಕಟ್ಟಲಾರೆ."

"ಇದನ್ನೇ ಬರೆಯಿರಿ ಸರ್," ಎಂದೆ. "ನಾನೇನು ಸಂಶೋಧಕನೇ, ನನ್ನ ಅಭಿಪ್ರಾಯ ಯಾರಿಗೆ ಬೇಕು?" ಎಂಬುದು ಅವರ ಸಂಕೋಚ. ಅಭಿಪ್ರಾಯವೆಂದು ಗುರುತಿಟ್ಟು ಹೇಳಿದ ಮಾತು ಅಧಿಕಾರದ ಮಾತಾಗುವುದಿಲ್ಲ, ಗುರುತಿಡದೆ ಐದು ವಾಕ್ಯಗಳ ಸಾಲಿನಲ್ಲಿ ಸೇರಿಸಿದಾಗಲೇ ಅದು ಇಲ್ಲದ ಅಧಿಕಾರವನ್ನು ಪಡೆಯುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿದರು. ಎರಡು ಷರತ್ತುಗಳನ್ನು ನಾನೇ ಹಾಕಿದೆ. ಅಭಿಪ್ರಾಯ ಸಾಕ್ಷ್ಯಗಳ ನಂತರ ಬರಬೇಕು, ಏಕೆಂದರೆ ಮೊದಲೇ ಬಂದರೆ ಓದುಗರು ಸಾಕ್ಷ್ಯವನ್ನು ಅದರ ಕಣ್ಣಿನಿಂದಲೇ ಓದುತ್ತಾರೆ. ಯಾವುದು ಗೊತ್ತಾದರೆ ಅಭಿಪ್ರಾಯ ಬದಲಾಗುತ್ತದೆ ಎಂಬುದೂ ಅದರ ಜೊತೆಗಿರಬೇಕು.

ಕೊನೆಗೆ ಪ್ಯಾರಾ ಹೀಗೆ ನಿಂತಿತು: "ಒತ್ತಡ ಹೆಚ್ಚಿದಾಗ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ. ಆದರೆ ಸ್ಕೇಟಿನ ಮೇಲೆ ನಿಂತವರ ತೂಕದಿಂದ ಅದು ಇಳಿಯುವುದು ಒಂದು ಡಿಗ್ರಿಗಿಂತ ಕಡಿಮೆ ಎಂದು ಲೆಕ್ಕ ತೋರಿಸುವುದರಿಂದ, ಕಡು ಚಳಿಯಲ್ಲಿ ಜಾರುವುದಕ್ಕೆ ಇದು ಮುಖ್ಯ ಕಾರಣವಾಗಲಾರದು. ಚಲಿಸುವಾಗ ಘರ್ಷಣೆಯ ಶಾಖ ಮೇಲ್ಮೈಯನ್ನು ಕರಗಿಸುತ್ತದೆ. ನಿಂತಲ್ಲೇ ಕಾಲು ಜಾರುವುದಕ್ಕೆ ಅದು ಉತ್ತರವಲ್ಲ. ಮಂಜುಗಡ್ಡೆಯ ಮೇಲ್ಮೈಯ ಅಣುಗಳು ಒಳಗಿನವುಗಳಿಗಿಂತ ಸಡಿಲವಾಗಿರುತ್ತವೆ. ಆ ಪದರ ಎಷ್ಟು ದಪ್ಪ, ಅದು ನೀರಿನಂತೆ ವರ್ತಿಸುತ್ತದೆಯೇ ಎಂಬುದು ತೀರ್ಮಾನವಾಗಿಲ್ಲ, ಏಕೆಂದರೆ ಬೇರೆ ಬೇರೆ ವಿಧಾನಗಳ ಅಳತೆಗಳು ಒಂದಕ್ಕೊಂದು ಹೊಂದುತ್ತಿಲ್ಲ. ಜಾರುವಿಕೆ ಈ ಪದರದಿಂದ ಶುರುವಾಗಿ ಘರ್ಷಣೆಯ ಶಾಖದಿಂದ ಮುಂದುವರಿಯುತ್ತದೆ ಎಂದು ನಾನು ಭಾವಿಸುತ್ತೇನೆ. ಆ ಪದರ ಜಾರಲು ನೆರವಾಗದಷ್ಟು ಗಟ್ಟಿ ಎಂದು ಅಳತೆಗಳು ತೋರಿಸಿದರೆ ಈ ಅಭಿಪ್ರಾಯವನ್ನು ಬಿಡಬೇಕಾಗುತ್ತದೆ."

ಪ್ಯಾರಾ ಎರಡು ಪಟ್ಟಿಗಿಂತಲೂ ಉದ್ದವಾಯಿತು. ಲೇಖನದ ಎಲ್ಲ ಪ್ಯಾರಾಗಳಿಗೂ ಹೀಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಮಂಜುಗಡ್ಡೆ ನೀರಿನ ಮೇಲೆ ತೇಲುವುದನ್ನು ವಿವರಿಸಿದ ಮುಂದಿನ ಪ್ಯಾರಾವನ್ನು ನಾನು ಮುಟ್ಟಲೇ ಇಲ್ಲ.

ಅಚ್ಚಿಗೆ ಕಳಿಸುವ ಮುನ್ನ ವಿಜ್ಞಾನ ಓದದ ಗೆಳತಿಯೊಬ್ಬರಿಗೆ ಇದನ್ನು ಕೊಟ್ಟು, ಓದಿದ ಮೇಲೆ ಹಾಳೆಯನ್ನು ಹಿಂದಕ್ಕೆ ಪಡೆದು, "ಇದರಲ್ಲಿ ಅತ್ಯಂತ ಖಚಿತವಾದದ್ದು ಯಾವುದು, ಅತ್ಯಂತ ಕಡಿಮೆ ಖಚಿತವಾದದ್ದು ಯಾವುದು, ಲೇಖಕರದು ಯಾವುದು?" ಎಂದು ಕೇಳಿದೆ. ಮೂರಕ್ಕೂ ಉತ್ತರ ಬಂದರೆ ತಿದ್ದುಪಡಿ ಮುಗಿದಂತೆ, "ಎಲ್ಲವೂ ಸರಿಯಾಗಿಯೇ ಇದೆಯಲ್ಲ" ಎಂದರೆ ಮತ್ತೆ ಮೊದಲಿನಿಂದ. ಅವರು ಮೊದಲ ಎರಡಕ್ಕೆ ಸರಿಯಾಗಿ ಉತ್ತರಿಸಿ, ಮೂರನೆಯದಕ್ಕೆ ಒತ್ತಡದ ಲೆಕ್ಕವನ್ನೂ ಲೇಖಕರ ಅಭಿಪ್ರಾಯವೆಂದೇ ಸೇರಿಸಿದರು. ಲೆಕ್ಕ ತೋರಿಸುತ್ತದೆ ಎಂದಿದ್ದೆವೇ ಹೊರತು ಲೆಕ್ಕವನ್ನು ತೋರಿಸಿರಲಿಲ್ಲ. ತೂಕ, ತಾಗುವ ಜಾಗ ಮತ್ತು 135 ಪಟ್ಟಿನ ಅಂಕಿಯನ್ನು ಪ್ಯಾರಾದ ಕೆಳಗೆ ಮೂರು ಸಾಲಿನಲ್ಲಿ ಕೊಟ್ಟು, ಲೇಖನವನ್ನು ಅಚ್ಚಿಗೆ ಕಳಿಸಿದೆವು.