ತಿದ್ದಬೇಡ, ಎಲ್ಲಿ ತಿಳಿಯಲಿಲ್ಲ ಹೇಳು

ಡೊಂಬಿವಲಿಯ ಗೆಳತಿಯೊಬ್ಬರು ತಮ್ಮ ಸಂಘದ ಸ್ಮರಣ ಸಂಚಿಕೆಗೆ ಅಪ್ಪನ ಬಗ್ಗೆ ಎರಡು ಪುಟ ಬರೆದಿದ್ದರು. ‘ಸ್ವಲ್ಪ ಸ್ಪಷ್ಟವಾಗಿದೆಯಾ ನೋಡು’ ಎಂದು ಅದನ್ನು ಫೋನಿನ ಎಐ ಟೂಲಿಗೆ ಹಾಕಿದರು. ನೋಡುವುದರ ಬದಲು ಅದು ಇಡೀ ಬರಹವನ್ನೇ ಹೊಸದಾಗಿ ಬರೆದು ಕೊಟ್ಟಿತು. ಮರುದಿನ ಲೋಕಲ್‌ನಲ್ಲಿ ಎರಡೂ ಪ್ರತಿಗಳನ್ನು ನನಗೆ ತೋರಿಸಿ, ‘ಓದ್ಲಿಕ್ಕೆ ಚಂದ ಉಂಟು ಮಾರಾಯ್ರೆ, ಆದ್ರೆ ಇದು ನನ್ನ ಅಪ್ಪ ಅಲ್ಲ’ ಎಂದರು.

ಅವರ ಮೂಲ ಬರಹದ ಒಂದು ಭಾಗ ಹೀಗಿತ್ತು. ನಂಬರ್ ಹಾಕಿದ್ದು ನಾನು, ಯಾಕೆಂದು ಮುಂದೆ ಹೇಳುತ್ತೇನೆ.

1. 1968ರಲ್ಲಿ ಅಪ್ಪ ಕುಂದಾಪುರದಿಂದ ಬಂದು ಫೋರ್ಟಿನ ಹೋಟೆಲಿನಲ್ಲಿದ್ದ ಮಾಮನನ್ನು ಸೇರಿಕೊಂಡರು.
2. ಆಗ ಅವರಿಗೆ ಹದಿನಾಲ್ಕು ವರ್ಷ.
3. ಹಗಲು ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಹತ್ತಕ್ಕೆ ಬಂದರೆ ಊಟ ಎತ್ತಿಡುತ್ತಿದ್ದರು.
4. ಒಂದು ದಿನ ಮಾಲೀಕರ ಎದುರು ಮಾಮ ಸುಳ್ಳು ಹೇಳಿದ್ದು ಗೊತ್ತಾಗಿ ಅವರು ಮೂರು ದಿನ ಮಾತಾಡಲಿಲ್ಲ.
5. ಖೋಲಿಯಲ್ಲಿ ಹನ್ನೆರಡು ಜನ, ಟ್ರಂಕು ಹನ್ನೆರಡು, ಕಿಟಕಿ ಒಂದು.

ಟೂಲು ತಿದ್ದಿದ ಪ್ರತಿಯಲ್ಲಿ ಐದನೆಯ ವಾಕ್ಯ ‘ಸಣ್ಣ ಕೋಣೆಯೊಂದರಲ್ಲಿ ಹನ್ನೆರಡು ಮಂದಿ ತಮ್ಮ ಸಾಮಾನುಗಳೊಂದಿಗೆ ಇಕ್ಕಟ್ಟಿನಲ್ಲಿ ವಾಸಿಸುತ್ತಿದ್ದರು’ ಎಂದಾಗಿತ್ತು. ಒಂದೇ ಕಿಟಕಿ ಮಾಯ, ಖೋಲಿಯೂ ಮಾಯ. ಇದು ಕಣ್ಣಿಗೆ ಬೀಳುವ ನಷ್ಟ, ಬೇಕಾದರೆ ವಾಪಸ್ ಹಾಕಿಕೊಳ್ಳಬಹುದು. ನಿಜವಾದ ಪೆಟ್ಟು ಬಿದ್ದಿದ್ದು ಮೂರನೆಯ ವಾಕ್ಯಕ್ಕೆ. ಅಲ್ಲಿ ‘ಮಾಮ ಅವರಿಗಾಗಿ ಊಟ ತೆಗೆದಿಡುತ್ತಿದ್ದರು’ ಎಂದಿತ್ತು. ಊಟ ಎತ್ತಿಟ್ಟವರು ಯಾರು ಎಂದು ಮೂಲದಲ್ಲಿ ಇರಲೇ ಇಲ್ಲ. ಟೂಲು ತಾನೇ ಒಬ್ಬರನ್ನು ಆರಿಸಿ ಕೂರಿಸಿತ್ತು. ವಾಕ್ಯ ಸ್ಪಷ್ಟವಾಯಿತು, ಸಂಗತಿ ಸುಳ್ಳಾಯಿತೋ ಏನೋ. ನುಣುಪಾದ ವಾಕ್ಯವನ್ನು ಯಾರೂ ಅನುಮಾನಿಸುವುದಿಲ್ಲವಾದ್ದರಿಂದ ಬರೆದವರಿಗೂ ಅದು ಸುಲಭಕ್ಕೆ ಕಾಣುವುದಿಲ್ಲ.

ಹಾಗಾಗಿ ಟೂಲಿನಿಂದ ನಮಗೆ ಬೇಕಾದದ್ದು ಉತ್ತರವಲ್ಲ, ‘ಊಟ ಎತ್ತಿಟ್ಟವರು ಯಾರು?’ ಎಂಬ ಪ್ರಶ್ನೆ. ಅದನ್ನು ಕೇಳಿಸಿಕೊಳ್ಳುವ ದಾರಿ ಇದು. ಚಾಟ್‌ಜಿಪಿಟಿ, ಜೆಮಿನಿ, ಯಾವುದಾದರೂ ಸರಿ.

ಮೊದಲು ಬರಹದ ಒಂದು ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳಿ. ಬರೆಯುವ ಆ್ಯಪಿನೊಳಗೇ ಇರುವ ಎಐ ಬಟನ್ ಒತ್ತಬೇಡಿ. ಅಂಥ ಬಟನ್‌ಗಳು ಸಾಮಾನ್ಯವಾಗಿ ಪಠ್ಯವನ್ನೇ ಬದಲಿಸಲು ಇರುವಂಥವು. ಖಾಲಿ ಚಾಟ್ ತೆರೆದು, ಬೇಕಾದ ಭಾಗವನ್ನಷ್ಟೇ ಅಲ್ಲಿ ಅಂಟಿಸಿ. ಒಮ್ಮೆಗೆ ಹತ್ತು ಹನ್ನೆರಡು ವಾಕ್ಯ ಸಾಕು. ಎರಡು ಪುಟ ಒಟ್ಟಿಗೆ ಹಾಕಿದರೆ ‘ಬರಹ ಹೃದ್ಯವಾಗಿದೆ, ಕೆಲವು ವಾಕ್ಯಗಳು ದೀರ್ಘವಾಗಿವೆ’ ಎಂಬ ಮದುವೆಮನೆ ಮಾತು ಬರುತ್ತದೆ. ಬರಹದಲ್ಲಿ ಬೇರೆಯವರ ಹೆಸರು, ವಿಳಾಸ, ಕಾಯಿಲೆಯ ವಿಷಯ ಇದ್ದರೆ ಹೆಸರಿನ ಜಾಗದಲ್ಲಿ ‘ಮಾಮ’, ‘ಮಾಲೀಕರು’ ಎಂದು ಹಾಕಿಕೊಳ್ಳಿ.

ಆಮೇಲೆ ಪ್ರತಿ ವಾಕ್ಯಕ್ಕೂ ನಂಬರ್ ಕೊಡಿ. ಇದು ಸಣ್ಣ ಕೆಲಸವಾದರೂ ಅರ್ಧ ಯುದ್ಧ ಗೆಲ್ಲುವುದು ಇಲ್ಲೇ. ನಂಬರ್ ಇಲ್ಲದಿದ್ದರೆ ಯಾವ ವಾಕ್ಯದ ಬಗ್ಗೆ ಮಾತು ಎಂದು ತೋರಿಸಲು ಟೂಲು ನಿಮ್ಮ ವಾಕ್ಯವನ್ನು ಮತ್ತೆ ಬರೆಯಬೇಕಾಗುತ್ತದೆ. ಬರೆಯಲು ಶುರುಮಾಡಿದರೆ ಅದರ ಕೈ ತಿದ್ದುವ ಕಡೆಗೇ ಹೋಗುತ್ತದೆ. ನಂಬರ್ ಇದ್ದರೆ ‘3’ ಎಂದರೆ ಮುಗಿಯಿತು.

ಇನ್ನು ಕೋರಿಕೆ. ಬರೀ ‘ತಿದ್ದಬೇಡ’ ಎಂದರೆ ಸಾಲದು. ಏನು ಮಾಡಬಾರದು ಎಂಬುದಕ್ಕಿಂತ ಏನನ್ನು ಯಾವ ರೂಪದಲ್ಲಿ ಕೊಡಬೇಕು ಎಂದು ಹೇಳಿದರೆ ಈ ಟೂಲುಗಳು ಹೆಚ್ಚು ಮಾತು ಕೇಳುತ್ತವೆ. ನಾವು ಹಾಕಿದ ಕೋರಿಕೆ ಇದು, ಹಾಗೇ ನಕಲು ಮಾಡಿಕೊಳ್ಳಬಹುದು:

“ಕೆಳಗೆ ನಂಬರ್ ಹಾಕಿದ ವಾಕ್ಯಗಳಿವೆ. ನೀನು ಕನ್ನಡ ಚೆನ್ನಾಗಿ ಬಲ್ಲ, ಈ ಕುಟುಂಬದ ಪರಿಚಯವಿಲ್ಲದ ಓದುಗ. ಎರಡು ಕೆಲಸ ಮಾತ್ರ ಮಾಡು. ಮೊದಲನೆಯದು: ಪ್ರತಿ ನಂಬರಿನ ಎದುರು, ಯಾರು ಏನು ಮಾಡಿದರು ಎಂದು ನಿನಗೆ ಅರ್ಥವಾಯಿತೋ ಅದನ್ನು ನಾಲ್ಕೈದು ಪದದಲ್ಲಿ ಬರೆ. ವಾಕ್ಯದಲ್ಲಿ ಇಲ್ಲದ್ದನ್ನು ಊಹಿಸಿದ್ದರೆ ‘ಊಹೆ’ ಎಂದು ಸೇರಿಸು. ಎರಡನೆಯದು: ಎರಡು ಅರ್ಥ ಬರುವ ಅಥವಾ ಮತ್ತೆ ಓದಬೇಕಾಗುವ ಜಾಗಗಳಿದ್ದರೆ ವಾಕ್ಯದ ನಂಬರ್, ತೊಡಕಿನ ಪದ ಮತ್ತು ನನಗೊಂದು ಪ್ರಶ್ನೆ, ಇಷ್ಟೇ ಕೊಡು. ಹೆಚ್ಚೆಂದರೆ ನಾಲ್ಕು. ತೊಡಕು ಇಲ್ಲದಿದ್ದರೆ ‘ಇಲ್ಲ’ ಎನ್ನು. ಬದಲಿ ವಾಕ್ಯ, ಬದಲಿ ಪದ ಬೇಡ. ಶೈಲಿ, ವ್ಯಾಕರಣ, ಕಾಗುಣಿತ, ಹೊಗಳಿಕೆ ಬೇಡ.”

ಇದರಲ್ಲಿ ಮುಖ್ಯವಾದದ್ದು ಮೊದಲನೆಯ ಕೆಲಸ. ‘ಸ್ಪಷ್ಟವಾಗಿದೆಯಾ?’ ಎಂದು ಕೇಳಿದರೆ ಟೂಲು ಹೌದು ಎನ್ನಬಹುದು, ಇಲ್ಲ ಎನ್ನಬಹುದು, ಎರಡನ್ನೂ ನಂಬಲಾಗದು. ‘ನಿನಗೆ ಏನು ಅರ್ಥವಾಯಿತು?’ ಎಂದರೆ ಸಿಕ್ಕಿಬೀಳುತ್ತದೆ. ಅದು ಹೇಳಿದ್ದು ನಿಮ್ಮ ಮನಸ್ಸಿನಲ್ಲಿದ್ದದ್ದಕ್ಕೆ ಹೊಂದದಿದ್ದರೆ, ಟೂಲು ಆ ಜಾಗವನ್ನು ತೊಡಕು ಎಂದು ಗುರುತಿಸದೆ ಹೋಗಿದ್ದರೂ ಅಲ್ಲಿ ತೊಡಕಿದೆ. ನಾಲ್ಕೈದು ಪದ ಎಂಬ ಮಿತಿಯೂ ಬೇಕೇ ಬೇಕು. ಅದಿಲ್ಲದಿದ್ದರೆ ಅರ್ಥ ಹೇಳುವ ನೆಪದಲ್ಲಿ ಪೂರ್ತಿ ವಾಕ್ಯ ಬರೆದು, ಬಾಗಿಲಿಂದ ಓಡಿಸಿದ ತಿದ್ದುಪಡಿ ಕಿಟಕಿಯಿಂದ ಬರುತ್ತದೆ.

ನಾಲ್ಕೇ ಪ್ರಶ್ನೆ, ಇಲ್ಲದಿದ್ದರೆ ‘ಇಲ್ಲ’ ಎಂದದ್ದಕ್ಕೂ ಕಾರಣವಿದೆ. ಹತ್ತು ತಪ್ಪು ಹುಡುಕು ಎಂದರೆ ಇವು ಹತ್ತು ಹುಡುಕಿಯೇ ಕೊಡುತ್ತವೆ. ಎರಡೇ ಇದ್ದರೂ ಎಂಟನ್ನು ಹುಟ್ಟಿಸುತ್ತವೆ.

ಗೆಳತಿಯ ಐದು ವಾಕ್ಯಕ್ಕೆ ಬಂದದ್ದು ಹೀಗಿತ್ತು. ಎರಡನೆಯದರಲ್ಲಿ ‘ಅವರಿಗೆ’ ಎಂದರೆ ಅಪ್ಪನಿಗೋ ಮಾಮನಿಗೋ ಎಂಬ ಪ್ರಶ್ನೆ. ಮೂರನೆಯದರ ಎದುರು ‘ಮಾಮ ಊಟ ಇಟ್ಟರು, ಊಹೆ’ ಎಂದು ಬಂತು, ಜೊತೆಗೆ ಇಟ್ಟವರು ಯಾರು ಎಂಬ ಪ್ರಶ್ನೆ. ನಾಲ್ಕನೆಯದರಲ್ಲಿ ಮೂರು ದಿನ ಮಾತು ಬಿಟ್ಟವರು ಮಾಲೀಕರೋ ಅಪ್ಪನೋ ಎಂದು. ಐದನೆಯದರಲ್ಲಿ ‘ಖೋಲಿ’ ಎಂದರೇನು ಎಂದು.

ಈ ನಾಲ್ಕರಲ್ಲಿ ಮೂರು ನಮ್ಮ ಕನ್ನಡದ ಹಳೆಯ ಕಾಯಿಲೆಗಳೇ. ‘ಅವರು’ ಎಂಬುದು ಒಬ್ಬ ಗಂಡಸಿಗೂ ಹೆಂಗಸಿಗೂ ಗೌರವಕ್ಕೂ ಬಹುವಚನಕ್ಕೂ ಒಂದೇ. ಹಿರಿಯರ ಬಗ್ಗೆ ಬರೆಯುವಾಗ ಎಲ್ಲರೂ ‘ಅವರು’ ಆಗುತ್ತಾರೆ, ಮೂವರು ಹಿರಿಯರು ಒಂದು ಪ್ಯಾರಾದಲ್ಲಿ ಸೇರಿದರೆ ಓದುಗ ದಾರಿ ತಪ್ಪುತ್ತಾನೆ. ಇನ್ನೊಂದು, ಒರೆಸಿ, ಹೋಗಿ, ಬಂದರೆ ಎಂದು ಪೋಣಿಸುತ್ತಾ ಹೋಗುವಾಗ ಮಧ್ಯದಲ್ಲಿ ಕರ್ತೃ ಬದಲಾಗಿಬಿಡುವುದು. ಟೇಬಲ್ ಒರೆಸಿದವರು ಒಬ್ಬರು, ಊಟ ಎತ್ತಿಟ್ಟವರು ಇನ್ನೊಬ್ಬರು. ಬಾಯಿಮಾತಿನಲ್ಲಿ ದನಿ, ಕೈಸನ್ನೆ ನಡೆಸಿಕೊಡುತ್ತವೆ. ಕಾಗದದ ಮೇಲೆ ಅವೆರಡೂ ಇಲ್ಲ. ಇಂಥ ಕಡೆ ಟೂಲಿನ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು.

‘ಖೋಲಿ’ಯದು ಬೇರೆ ಜಾತಿ. ಮರಾಠಿಯಿಂದ ನಮ್ಮ ಮುಂಬೈ ಕನ್ನಡಕ್ಕೆ ಬಂದ ಪದ, ಸಂಚಿಕೆ ಓದುವವರೆಲ್ಲ ಅದರಲ್ಲೇ ಬೆಳೆದವರು. ಊರಿನ ಓದುಗರಿಗೆ ಬರೆಯುವುದಾದರೆ ಆ ಪ್ರಶ್ನೆಗೆ ಬೆಲೆಯಿತ್ತು, ಇಲ್ಲಿ ಇಲ್ಲ. ಕುಂದಾಪುರದ ಮಾತು, ಅಡುಗೆಮನೆಯ ಪದ, ಹೋಟೆಲಿನ ಪದ, ಇವುಗಳ ಮೇಲೆ ಟೂಲು ಬೊಟ್ಟು ಇಟ್ಟರೆ ಅದು ನಿಮ್ಮ ತಪ್ಪೆಂದು ಕೂಡಲೇ ಒಪ್ಪಬೇಡಿ. ನಿಮ್ಮ ಓದುಗರು ಯಾರೆಂದು ಕೋರಿಕೆಯಲ್ಲೇ ಬರೆದುಬಿಟ್ಟರೆ ಈ ಕಿರಿಕಿರಿ ಕಡಿಮೆಯಾಗುತ್ತದೆ.

ಪ್ರಶ್ನೆ ಸರಿಯಾದದ್ದೋ ಅಲ್ಲವೋ ಎಂದು ಸಂಶಯ ಬಂದರೆ ಹೊಸ ಚಾಟ್ ತೆರೆದು ಅದೇ ಕೋರಿಕೆ, ಅದೇ ವಾಕ್ಯಗಳನ್ನು ಇನ್ನೊಮ್ಮೆ ಹಾಕಿ. ಈ ಟೂಲುಗಳು ಪ್ರತಿ ಸಲವೂ ಒಂದೇ ಉತ್ತರ ಕೊಡುವುದಿಲ್ಲ. ಎರಡು ಸಲವೂ ಬಂದ ಪ್ರಶ್ನೆಗೆ ಮೊದಲು ಗಮನ ಕೊಡಿ. ಒಂದೇ ಸಲ ಬಂದು ಹೋದದ್ದನ್ನು ನೀವೇ ಗಟ್ಟಿಯಾಗಿ ಓದಿ ನೋಡಿ ತೀರ್ಮಾನಿಸಿ.

ಇಷ್ಟೆಲ್ಲ ಹೇಳಿದರೂ ಕೆಲವೊಮ್ಮೆ ಕೊನೆಯಲ್ಲಿ ‘ಬೇಕಿದ್ದರೆ ತಿದ್ದಿ ಕೊಡಲೇ?’ ಎಂಬ ಸಾಲು ಬರುತ್ತದೆ, ಇಲ್ಲವೇ ಕೇಳದೆಯೇ ಬದಲಿ ವಾಕ್ಯ ಬಂದಿರುತ್ತದೆ. ಅದನ್ನು ಓದಬೇಡಿ. ಒಮ್ಮೆ ಓದಿದರೆ ತಲೆಯಲ್ಲಿ ಅದೇ ಕೂತು, ನಿಮ್ಮ ವಾಕ್ಯ ಹುಟ್ಟುವುದಿಲ್ಲ. ಅಲ್ಲೇ ವಾದಕ್ಕೂ ಇಳಿಯಬೇಡಿ. ಚಾಟ್ ಉದ್ದವಾದಂತೆ ಮೊದಲು ಹಾಕಿದ ಷರತ್ತಿನ ಹಿಡಿತ ಸಡಿಲವಾಗುವುದುಂಟು, ತಿದ್ದಿದ ಸಾಲುಗಳು ಅದೇ ಚಾಟ್‌ನಲ್ಲಿ ಉಳಿದು ಮುಂದಿನದಕ್ಕೂ ಮಾದರಿಯಾಗುತ್ತವೆ. ಮುಚ್ಚಿ, ಹೊಸದರಲ್ಲಿ ಶುರುಮಾಡುವುದೇ ಬೇಗ.

ಉತ್ತರ ಸಿಕ್ಕ ಮೇಲೆ ಫೋನ್ ಕೆಳಗಿಟ್ಟು ತಿದ್ದಿ. ಗೆಳತಿ ಎರಡನೆಯ ವಾಕ್ಯದಲ್ಲಿ ‘ಅವರಿಗೆ’ ತೆಗೆದು ‘ಅಪ್ಪನಿಗೆ’ ಎಂದರು, ಒಂದು ಪದದ ಕೆಲಸ. ನಾಲ್ಕನೆಯದರಲ್ಲಿ ‘ಅವರು’ ಇದ್ದ ಕಡೆ ‘ಅಪ್ಪ ಮಾಮನೊಡನೆ’ ಬಂತು. ಐದನೆಯದನ್ನು ಮುಟ್ಟಲಿಲ್ಲ. ತಿದ್ದಿದ ಮೇಲೆ ಹೊಸ ಚಾಟ್‌ನಲ್ಲಿ ಮೊದಲನೆಯ ಕೆಲಸವನ್ನಷ್ಟೇ ಮತ್ತೆ ಮಾಡಿಸಿದೆವು. ತಿದ್ದಿದ ಎರಡೂ ವಾಕ್ಯಗಳ ಎದುರು ‘ಊಹೆ’ ಬರಲಿಲ್ಲ.

ಒಂದು ಮಿತಿಯನ್ನು ನೆನಪಿಡಿ. ಟೂಲು ಅಪಾರ ಓದಿಕೊಂಡಿರುವುದರಿಂದ, ಮನುಷ್ಯ ಎಡವುವ ಕೆಲವು ಕಡೆ ಅದು ಎಡವುವುದಿಲ್ಲ. ರಾತ್ರಿಶಾಲೆ ಎಂದರೇನೆಂದು ಅದು ಕೇಳಲಿಲ್ಲ. ಗೆಳತಿಯ ಮಗಳು, ಡೊಂಬಿವಲಿಯಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದವಳು, ಓದಿದ ಕೂಡಲೇ ಕೇಳಿದಳು: ‘ಅಮ್ಮ, ರಾತ್ರಿ ಯಾಕೆ ಶಾಲೆ?’

ಮೂರನೆಯ ವಾಕ್ಯವೊಂದು ಉಳಿಯಿತು. ಊಟ ಎತ್ತಿಟ್ಟವರು ಯಾರೆಂದು ಗೆಳತಿಗೇ ಗೊತ್ತಿರಲಿಲ್ಲ. ಅಪ್ಪ ಹೇಳುತ್ತಿದ್ದಾಗ ಕೇಳಿಸಿಕೊಂಡಿದ್ದರು, ಯಾರು ಎಂದು ಕೇಳಿರಲಿಲ್ಲ. ಮಾಮನೇ ಇರಬೇಕು ಎಂದು ಅವರೂ ಅಂದುಕೊಂಡಿದ್ದರು. ರಾತ್ರಿ ಕುಂದಾಪುರಕ್ಕೆ ಫೋನ್ ಮಾಡಿ ಅತ್ತೆಯನ್ನು ಕೇಳಿದರು. ಮಾಮ ಅಲ್ಲವಂತೆ. ಹೋಟೆಲಿನ ಅಡುಗೆ ಭಟ್ಟರು, ಹುಡುಗ ಶಾಲೆಯಿಂದ ಬರುವವರೆಗೆ ಒಂದು ಬಟ್ಟಲು ಅನ್ನಕ್ಕೆ ಸಾರು ಸುರಿದು ಒಲೆಯ ಪಕ್ಕ ಮುಚ್ಚಿಡುತ್ತಿದ್ದರಂತೆ, ಮಾಲೀಕರಿಗೆ ಗೊತ್ತಾಗದ ಹಾಗೆ. ನಾಲ್ಕನೆಯ ವಾಕ್ಯದ ಸುಳ್ಳು ಯಾವುದರ ಬಗ್ಗೆ ಎಂಬುದೂ ಆಗಲೇ ತಿಳಿದದ್ದು. ಗೆಳತಿ ಈಗ ಆ ಎರಡು ವಾಕ್ಯಗಳನ್ನು ಬಿಡಿಸಿ ಒಂದು ಪ್ಯಾರಾ ಬರೆಯುತ್ತಿದ್ದಾರೆ. ಸಂಪಾದಕರಿಗೆ ನಾಲ್ಕು ದಿನ ತಡವಾಗುತ್ತದೆ ಎಂದು ತಿಳಿಸಿದ್ದಾರೆ.